ನಾಯಿಯ ಹೆರಿಗೆ: ಎಷ್ಟು ಹೊತ್ತು ಕಾಯಬೇಕು?

ಸಾಕುನಾಯಿ ಮರಿ ಹಾಕುವ ರಾತ್ರಿ ಮನೆಯವರು ಪಶುವೈದ್ಯರಿಗೆ ಫೋನ್ ಮಾಡಿ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ‘ಇನ್ನೂ ಎಷ್ಟು ಹೊತ್ತು ನೋಡೋದು ಡಾಕ್ಟ್ರೇ?’ ಅವಸರಪಟ್ಟು ಕೈಹಾಕಿದರೆ ತಾನಾಗಿ ಆಗಬೇಕಿದ್ದ ಹೆರಿಗೆ ಕೆಡುತ್ತದೆ. ತಡಮಾಡಿದರೆ ಮರಿಗಳು ಒಳಗೇ ಉಸಿರುಕಟ್ಟಿ ಸಾಯುತ್ತವೆ, ಕೆಲವೊಮ್ಮೆ ತಾಯಿಯೂ ಉಳಿಯುವುದಿಲ್ಲ. ಈ ಎರಡರ ನಡುವೆ ಗೆರೆ ಎಲ್ಲಿ ಎಳೆಯಬೇಕು ಎಂಬ ಬಗ್ಗೆ ಪಶುವೈದ್ಯರಲ್ಲಿ, ತಳಿ ಸಾಕುವವರಲ್ಲಿ, ಸಂಶೋಧಕರಲ್ಲಿ ಬಹಳ ಕಾಲದಿಂದ ಭಿನ್ನಾಭಿಪ್ರಾಯವಿದೆ. ಪ್ರಕೃತಿಗೆ ಬಿಡಿ ಎನ್ನುವವರಿದ್ದಾರೆ, ಗಡಿಯಾರ ನೋಡಿ ಎನ್ನುವವರಿದ್ದಾರೆ, ರಕ್ತ ಪರೀಕ್ಷೆಯನ್ನೂ ಮರಿಯ ಎದೆಬಡಿತವನ್ನೂ ನೋಡದೆ ಏನೂ ಹೇಳಬೇಡಿ ಎನ್ನುವವರೂ ಇದ್ದಾರೆ. ಪ್ರತಿಯೊಂದು ವಾದಕ್ಕೂ ಅದರದೇ ಆಧಾರವಿದೆ. ಅವರೆಲ್ಲ ಎಣಿಸುತ್ತಿರುವುದು ಒಂದೇ ಗಡಿಯಾರವನ್ನಲ್ಲ ಎಂಬುದನ್ನು ಗಮನಿಸಿದರೆ ಈ ಜಗಳದ ಅರ್ಧ ಭಾಗ ತಿಳಿಯಾಗುತ್ತದೆ.

ಅರವತ್ತು ದಿನವೋ, ಎಪ್ಪತ್ತೆರಡೋ?

ಕಾಯುವ ಮಾತು ಶುರುವಾಗುವುದು ಹೆರಿಗೆಯ ರಾತ್ರಿಯಲ್ಲಲ್ಲ, ದಿನ ಎಣಿಸುವಲ್ಲಿ. ಗ್ರೀಸಿನ ಅರಿಸ್ಟಾಟಲ್ ಪ್ರಾಣಿಗಳ ಬಗ್ಗೆ ಬರೆದ ಗ್ರಂಥದಲ್ಲಿ ಲಕೋನಿಯಾ ಪ್ರಾಂತ್ಯದ ಬೇಟೆನಾಯಿಯ ಗರ್ಭಕಾಲ ವರ್ಷದ ಆರನೇ ಒಂದು ಭಾಗ, ಅಂದರೆ ಸುಮಾರು 60 ದಿನ ಎಂದು ಹೇಳಿದ. ಬೇರೆ ಕೆಲವು ನಾಯಿಗಳು ವರ್ಷದ ಐದನೇ ಒಂದು ಭಾಗ, 72 ದಿನ ತೆಗೆದುಕೊಳ್ಳುತ್ತವೆ ಎಂದೂ ಸೇರಿಸಿದ. ಒಂದೇ ಜಾತಿಯ ಪ್ರಾಣಿಯಲ್ಲಿ ಇಷ್ಟು ಅಂತರ ಹೇಗೆ ಸಾಧ್ಯ ಎಂಬುದಕ್ಕೆ ಉತ್ತರ ಸಿಗಲು ಎರಡು ಸಾವಿರ ವರ್ಷಕ್ಕೂ ಹೆಚ್ಚು ಬೇಕಾಯಿತು. ಇಂದಿಗೂ ಗಂಡುನಾಯಿ ಕೂಡಿಸಿದ ದಿನದಿಂದ ಎಣಿಸಿದರೆ ಮರಿ ಹಾಕುವ ದಿನ 57ರಿಂದ 72ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು.

ಕಾರಣ ಗರ್ಭದಲ್ಲಿಲ್ಲ, ಎಣಿಕೆಯಲ್ಲಿದೆ. ಬೆದೆಗೆ ಬಂದ ಹೆಣ್ಣುನಾಯಿ ಅಂಡ ಬಿಡುಗಡೆಯಾಗುವ ಮೊದಲೂ ಗಂಡನ್ನು ಸೇರಿಸಿಕೊಳ್ಳುತ್ತದೆ, ಆದ ಮೇಲೂ ಸೇರಿಸಿಕೊಳ್ಳುತ್ತದೆ. ಬಿಡುಗಡೆಯಾದ ಅಂಡ ತಕ್ಷಣಕ್ಕೆ ಫಲವಾಗುವ ಸ್ಥಿತಿಯಲ್ಲಿ ಇರುವುದಿಲ್ಲ, ಬಲಿಯಲು ಇನ್ನೂ ಎರಡು ಮೂರು ದಿನ ಬೇಕು. ಇತ್ತ ಗಂಡುನಾಯಿಯ ವೀರ್ಯಾಣು ಹೆಣ್ಣಿನ ಒಡಲಲ್ಲಿ ಒಂದು ವಾರದವರೆಗೂ ಬದುಕಿ ಕಾಯಬಲ್ಲದು. ಹೀಗಾಗಿ ಕ್ರಾಸಿಂಗ್ ಆದ ದಿನಕ್ಕೂ ಗರ್ಭ ಕಟ್ಟಿದ ದಿನಕ್ಕೂ ಹಲವು ದಿನಗಳ ಅಂತರ ಬೀಳುತ್ತದೆ.

1974ರಲ್ಲಿ ಹೋಲ್ಸ್ಟ್ ಮತ್ತು ಫೆಮಿಸ್ಟರ್ ಎಂಬ ಸಂಶೋಧಕರು ಬೀಗಲ್ ನಾಯಿಗಳ ಯೋನಿದ್ವಾರದ ಜೀವಕೋಶಗಳನ್ನು ದಿನವೂ ಗಾಜಿನ ಮೇಲೆ ಬಳಿದು ನೋಡಿ, ಬೆದೆ ಇಳಿಯುವ ದಿನವನ್ನು ನಿಖರವಾಗಿ ಗುರುತಿಸಬಹುದೆಂದು ತೋರಿಸಿದರು. ಆ ದಿನದಿಂದ ಸುಮಾರು 57 ದಿನಕ್ಕೆ ಹೆರಿಗೆ. ಆಮೇಲೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಕಾನ್‌ಕ್ಯಾನನ್ ಮತ್ತು ಸಂಗಡಿಗರು ಹಾರ್ಮೋನುಗಳನ್ನೇ ಅಳೆದರು. ಅಂಡ ಬಿಡುಗಡೆಗೆ ಅಪ್ಪಣೆ ಕೊಡುವ ಎಲ್‌ಎಚ್ ಹಾರ್ಮೋನು ಏರಿದ ದಿನದಿಂದ ಎಣಿಸಿದರೆ ಹೆಚ್ಚುಕಡಿಮೆ ಎಲ್ಲ ನಾಯಿಗಳೂ 64ರಿಂದ 66ನೇ ದಿನದೊಳಗೆ ಮರಿ ಹಾಕುತ್ತವೆ ಎಂಬುದು ಖಚಿತವಾಯಿತು. ಎಲ್‌ಎಚ್ ಏರಿದ ಎರಡು ದಿನಕ್ಕೆ ಅಂಡ ಬಿಡುಗಡೆಯಾಗುತ್ತದೆ, ಅಲ್ಲಿಂದ 63 ದಿನ, ಒಂದು ದಿನ ಆಚೀಚೆ. ಅರಿಸ್ಟಾಟಲ್ ಕಂಡ 12 ದಿನಗಳ ಅಂತರ ಹೀಗೆ ಎರಡು ಮೂರು ದಿನಕ್ಕೆ ಇಳಿಯಿತು.

ನಮ್ಮ ಊರುಗಳಲ್ಲಿ ಇದರ ಪ್ರಯೋಜನ ಪಡೆಯುವವರು ಕಡಿಮೆ, ಏಕೆಂದರೆ ರಕ್ತದ ಪ್ರೊಜೆಸ್ಟರೋನ್ ಪರೀಕ್ಷೆ ಮಾಡಿಸಬೇಕಾದದ್ದು ಬೆದೆಯ ಸಮಯದಲ್ಲಿ. ಹೊಟ್ಟೆ ದಪ್ಪವಾದ ಮೇಲೆ ಆಸ್ಪತ್ರೆಗೆ ಬಂದರೆ ಆ ಗಡಿಯಾರ ಕೈತಪ್ಪಿ ಹೋಗಿರುತ್ತದೆ. ಬೆದೆಯಲ್ಲಿ ಎರಡು ದಿನಕ್ಕೊಮ್ಮೆ ಪರೀಕ್ಷಿಸುತ್ತ ಹೋದರೆ ಪ್ರತಿ ಮಿಲಿಲೀಟರ್ ರಕ್ತದಲ್ಲಿ 2 ನ್ಯಾನೋಗ್ರಾಂ ಸುಮಾರಿಗೆ ಬಂದಾಗ ಎಲ್‌ಎಚ್ ಏರಿದೆ ಎಂದೂ, 5 ದಾಟುವ ಹೊತ್ತಿಗೆ ಅಂಡ ಬಿಡುಗಡೆಯಾಗುತ್ತಿದೆ ಎಂದೂ ಲೆಕ್ಕ ಹಾಕುತ್ತಾರೆ.

ನೋವು ಬರುವ ಮುನ್ನ

ನಾಯಿಯಲ್ಲಿ ಗರ್ಭವನ್ನು ಕಾಪಾಡುವ ಪ್ರೊಜೆಸ್ಟರೋನ್ ಪೂರ್ತಿ ಬರುವುದು ಅಂಡಾಶಯದಿಂದಲೇ, ಮಾಸು ಅದನ್ನು ತಯಾರಿಸುವುದಿಲ್ಲ. ಬಲಿತ ಮರಿಗಳಿಂದ ಹೊರಡುವ ಹಾರ್ಮೋನಿನ ಸೂಚನೆಯಿಂದ ಈ ಪೂರೈಕೆ ನಿಂತು, ಮಟ್ಟ 2 ನ್ಯಾನೋಗ್ರಾಂಗಿಂತ ಕೆಳಗಿಳಿದರೆ ಸುಮಾರು ಒಂದು ದಿನದಲ್ಲಿ ಹೆರಿಗೆ ಶುರುವಾಗುತ್ತದೆ. ಮೈಯ ಬಿಸಿಯನ್ನು ಮೇಲಿಟ್ಟಿರುವುದರಲ್ಲಿ ಪ್ರೊಜೆಸ್ಟರೋನಿನ ಪಾಲೂ ಇದೆ. ಅದು ಕುಸಿದಾಗ ತಾಪಮಾನವೂ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಕೊನೆಯ ವಾರ ದಿನಕ್ಕೆ ಮೂರು ಸಲ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳಿ ಎಂದು ವೈದ್ಯರು ಹೇಳುವುದು ಇದಕ್ಕೇ. ಸಾಮಾನ್ಯವಾಗಿ 38ರ ಆಸುಪಾಸಿನಲ್ಲಿದ್ದದ್ದು 37ರ ಸುಮಾರಿಗೆ ಬಂದರೆ, ಎಂಟರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ನೋವು ಬರಬಹುದು. ಸಣ್ಣ ತಳಿಗಳಲ್ಲಿ ಇಳಿತ ಹೆಚ್ಚು, ದೊಡ್ಡ ತಳಿಗಳಲ್ಲಿ ಕಡಿಮೆ.

ಆಮೇಲೆ ಮೊದಲ ಹಂತ. ನಾಯಿ ಚಡಪಡಿಸುತ್ತದೆ, ಮೂಲೆ ಹುಡುಕುತ್ತದೆ, ಹಾಸಿದ ಗೋಣಿಯನ್ನು ಕೆರೆದು ಕೆರೆದು ಗುಡ್ಡೆ ಮಾಡುತ್ತದೆ. ಏದುಸಿರು ಬಿಡುತ್ತ ನಡುಗುತ್ತದೆ, ಊಟ ಮುಟ್ಟುವುದಿಲ್ಲ, ಕೆಲವು ವಾಂತಿ ಮಾಡುತ್ತವೆ. ಹೊರಗಿನಿಂದ ನೋಡಿದರೆ ತಿಣುಕುವುದು ಕಾಣುವುದಿಲ್ಲ, ಆದರೆ ಒಳಗೆ ಗರ್ಭಕೋಶ ಹಿಂಡಿಕೊಳ್ಳಲು ಶುರುಮಾಡಿ ಗರ್ಭದ ಬಾಯಿ ತೆರೆದುಕೊಳ್ಳುತ್ತಿರುತ್ತದೆ. ಇದು 6ರಿಂದ 12 ಗಂಟೆ, ಚೊಚ್ಚಲು ನಾಯಿಯಲ್ಲಿ ಒಂದೂವರೆ ದಿನದವರೆಗೂ ಎಳೆಯಬಹುದು. ಹೊಟ್ಟೆಯನ್ನು ಬಿಗಿಹಿಡಿದು ಮುಕ್ಕುವುದು ಕಂಡರೆ, ಅಥವಾ ನೀರಿನ ಚೀಲ ಹೊರಗೆ ಇಣುಕಿದರೆ ಎರಡನೇ ಹಂತ ಶುರುವಾದಂತೆ. ಮೊದಲ ಹಂತದ ಗಂಟೆಗಳನ್ನೂ ಎರಡನೇ ಹಂತದ ಗಂಟೆಗಳನ್ನೂ ಕೂಡಿಸಿ ‘ನಿನ್ನೆ ರಾತ್ರಿಯಿಂದ ನೋವು ತಿನ್ನುತ್ತಿದೆ’ ಎಂದು ಫೋನಿನಲ್ಲಿ ಹೇಳಿದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಅವರಿಗೆ ಬೇಕಾದದ್ದು ಮುಕ್ಕಲು ಶುರುಮಾಡಿದ ಸಮಯ.

ಕಾಯುವವರ ವಾದ

ಹಳೆಯ ಮತ್ತು ಇಂದಿಗೂ ಹೆಚ್ಚು ಜನ ಒಪ್ಪುವ ನಿಲುವು ಇದು: ನಾಯಿಗೆ ಗೊತ್ತು, ಬಿಟ್ಟುಬಿಡಿ. ಇದರ ಹಿಂದೆ ಬರೀ ನಂಬಿಕೆ ಇಲ್ಲ, ಶರೀರಶಾಸ್ತ್ರವೂ ಇದೆ. ಮರಿ ಇಳಿದು ಹೆರಿಗೆಯ ದಾರಿಯನ್ನು ಹಿಗ್ಗಿಸಿದಾಗ ಮೆದುಳಿಗೆ ಸುದ್ದಿ ಮುಟ್ಟಿ ಆಕ್ಸಿಟೋಸಿನ್ ಹರಿಯುತ್ತದೆ, ಅದು ಗರ್ಭಕೋಶವನ್ನು ಇನ್ನಷ್ಟು ಹಿಂಡಿಸುತ್ತದೆ. ಹುಟ್ಟಿದ ಮರಿ ಮೊಲೆ ಚೀಪಿದರೂ ಇದೇ ಆಗುತ್ತದೆ. ಆದರೆ ನಾಯಿ ಹೆದರಿದರೆ ಅಡ್ರಿನಲಿನ್ ಏರಿ ಈ ಸರಪಳಿ ಅಲ್ಲೇ ತುಂಡಾಗುತ್ತದೆ. ನೆಂಟರಿಷ್ಟರು ಸುತ್ತ ಕೂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರೆ, ಅಥವಾ ಮೊದಲ ಹಂತದಲ್ಲೇ ಕಾರಿಗೆ ಹತ್ತಿಸಿ ಅಪರಿಚಿತ ಜಾಗಕ್ಕೆ ಒಯ್ದರೆ ಬಂದ ನೋವು ನಿಂತೇ ಹೋಗಬಹುದು. ಒಬ್ಬರೇ ಪರಿಚಿತರು, ಮಂದ ಬೆಳಕು, ಮೌನ: ಕಾಯುವವರು ಕೇಳುವುದು ಇಷ್ಟೇ, ಮತ್ತು ಮೊದಲ ಹಂತದ ಮಟ್ಟಿಗೆ ಅವರ ಮಾತು ಪೂರ್ತಿ ಸರಿ.

ಮರಿ ಹಿಂಗಾಲು ಮುಂದಾಗಿ ಬಂದರೂ ಅವರು ಗಾಬರಿಯಾಗುವುದಿಲ್ಲ, ಅದೂ ಸರಿಯೇ. ನಾಯಿಮರಿಗಳಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಹಾಗೆಯೇ ಹುಟ್ಟುತ್ತವೆ. ಹಸುವಿನ ಕರು ಹಿಂದುಮುಂದಾಗಿ ಬಂದಾಗಿನ ಅಪಾಯ ಕಂಡವರು ನಾಯಿಯಲ್ಲೂ ಅದೇ ಭಯದಿಂದ ಕೈಹಾಕಿ ಎಳೆಯುವುದುಂಟು.

ಈ ವಾದ ಸೋಲುವುದು ಬೀದಿನಾಯಿಯ ಉದಾಹರಣೆ ಕೊಡುವಾಗ. ಚರಂಡಿ ಪಕ್ಕದ ನಾಯಿಗೆ ಯಾವ ಡಾಕ್ಟರು ಹೆರಿಗೆ ಮಾಡಿಸುತ್ತಾರೆ ಎಂದು ಕೇಳುತ್ತಾರೆ. ಆದರೆ ನಮ್ಮ ಕಣ್ಣಿಗೆ ಬೀಳುವುದು ಹೆರಿಗೆಯಾಗಿ ಬದುಕಿದವು ಮಾತ್ರ, ಸತ್ತವನ್ನು ಯಾರೂ ಲೆಕ್ಕವಿಟ್ಟಿಲ್ಲ. ಜೊತೆಗೆ ನಾಡನಾಯಿಗಾಗಲಿ, ನಮ್ಮ ಮುಧೋಳದ ಬೇಟೆನಾಯಿಗಾಗಲಿ ಇರುವ ಸಪೂರ ತಲೆ, ಹದವಾದ ಸೊಂಟ ಸಾಕುನಾಯಿಗಳ ಎಲ್ಲ ತಳಿಗಳಿಗೂ ಇಲ್ಲ.

ಗಡಿಯಾರದವರ ವಾದ

ಕಾಯುವುದಕ್ಕೆ ಮಿತಿ ಹಾಕಿದವರು ಆಸ್ಪತ್ರೆಗಳಲ್ಲಿ ಕಷ್ಟದ ಹೆರಿಗೆಗಳನ್ನು ನೋಡಿದವರು. ಸ್ವೀಡನ್ನಿನ ಡಾರ್ವೆಲಿಡ್ ಮತ್ತು ಲಿಂಡೆ-ಫೋರ್ಸ್‌ಬರ್ಗ್ 1994ರಲ್ಲಿ ಇಂಥ 182 ಪ್ರಕರಣಗಳ ವರದಿ ಪ್ರಕಟಿಸಿದರು. ಅವುಗಳಲ್ಲಿ ಮುಕ್ಕಾಲು ಪಾಲು ತೊಂದರೆ ತಾಯಿಯ ಕಡೆಯಿಂದಲೇ ಬಂದಿತ್ತು, ಹೆಚ್ಚಾಗಿ ಗರ್ಭಕೋಶ ಹಿಂಡಿಕೊಳ್ಳುವ ಶಕ್ತಿ ಕಳೆದುಕೊಂಡು. ಉಳಿದ ಕಾಲು ಪಾಲು ಮಾತ್ರ ಮರಿ ಅಡ್ಡಬಿದ್ದದ್ದು, ದೊಡ್ಡದಾದದ್ದು ಮುಂತಾದ ಕಾರಣಕ್ಕೆ. ಹೆರಿಗೆ ಕಷ್ಟವಾದರೆ ಮರಿ ಸಿಕ್ಕಿಕೊಂಡಿದೆ ಎಂದೇ ನಾವು ಭಾವಿಸುತ್ತೇವೆ. ಆದರೆ ಹೆಚ್ಚಿನ ಸಲ ಸೋತಿರುವುದು ತಾಯಿಯ ಗರ್ಭಕೋಶ, ಮತ್ತು ಸೋತ ಗರ್ಭಕೋಶವಿರುವ ನಾಯಿ ಸುಮ್ಮನೆ ಮಲಗಿ ನಿರಾಳವಾಗಿರುವಂತೆ ಕಾಣಬಹುದು. ಸದ್ದಿಲ್ಲದ ಈ ಸ್ಥಿತಿಯೇ ಮನೆಯವರನ್ನು ಹೆಚ್ಚು ಮೋಸಗೊಳಿಸುವುದು.

ಇವರು ಕೊಡುವ ಮಿತಿಗಳು ಪಠ್ಯದಿಂದ ಪಠ್ಯಕ್ಕೆ ಸ್ವಲ್ಪ ಬದಲಾದರೂ ತಿರುಳು ಒಂದೇ. ನಾಯಿ ಜೋರಾಗಿ, ಬಿಡದೆ ಮುಕ್ಕುತ್ತಿದ್ದು 20ರಿಂದ 30 ನಿಮಿಷದಲ್ಲಿ ಮರಿ ಬರದಿದ್ದರೆ ದಾರಿಯಲ್ಲಿ ಏನೋ ಅಡ್ಡವಿದೆ, ಹೊರಡಬೇಕು. ಆಗಾಗ ಮೆಲ್ಲಗೆ ಮುಕ್ಕುತ್ತಿದ್ದರೆ ಎರಡರಿಂದ ನಾಲ್ಕು ಗಂಟೆ. ಮರಿಗಳ ನಡುವಿನ ಬಿಡುವು ಸಾಮಾನ್ಯವಾಗಿ ಐದು ನಿಮಿಷದಿಂದ ಎರಡು ಗಂಟೆ, ಇನ್ನೂ ಮರಿ ಉಳಿದಿರುವುದು ಗೊತ್ತಿದ್ದು ಎರಡು ಗಂಟೆ ದಾಟಿದರೆ ಫೋನ್ ಮಾಡಬೇಕು. ತಾಪಮಾನ ಕುಸಿದು 24 ಗಂಟೆಯಾದರೂ ಏನೂ ಆಗದಿದ್ದರೆ, ನೀರಿನ ಚೀಲ ಒಡೆದು ಎರಡು ಮೂರು ಗಂಟೆಯಾದರೂ ಮರಿ ಕಾಣದಿದ್ದರೆ ಕೂಡ ಹಾಗೆಯೇ.

ಇದಕ್ಕಿಂತ ಮುಖ್ಯವಾದದ್ದು ಬಣ್ಣ. ನಾಯಿಯ ಮಾಸಿನ ಅಂಚಿನಲ್ಲಿ ರಕ್ತ ಕಲೆತು ನಿಂತು ಕಡುಹಸಿರು ಬಣ್ಣಕ್ಕೆ ತಿರುಗಿರುತ್ತದೆ. ಮಾಸು ಗರ್ಭಕೋಶದ ಗೋಡೆಯಿಂದ ಕಳಚಿದಾಗ ಆ ಹಸಿರು ಹೊರಗೆ ಹರಿಯುತ್ತದೆ. ಒಂದು ಮರಿ ಹುಟ್ಟಿದ ಮೇಲೆ ಕಂಡರೆ ಅದು ಸಹಜ. ಮೊದಲ ಮರಿ ಹುಟ್ಟುವ ಮೊದಲೇ ಕಂಡರೆ ಕನಿಷ್ಠ ಒಂದು ಮರಿಗೆ ತಾಯಿಯಿಂದ ಆಮ್ಲಜನಕ ಬರುವುದು ಕಡಿದುಹೋಗುತ್ತಿದೆ ಎಂದರ್ಥ. ಆಗ ಗಡಿಯಾರ ನೋಡುತ್ತ ಕೂರುವುದಲ್ಲ, ತಕ್ಷಣ ಹೊರಡುವುದು. ದುರ್ವಾಸನೆಯ ಕಂದು ಸ್ರಾವ, ನಿಲ್ಲದ ಕೆಂಪು ರಕ್ತ, ಎದ್ದು ನಿಲ್ಲಲಾಗದ ನಿತ್ರಾಣ, ಅರ್ಧ ಹೊರಬಂದು ಸಿಕ್ಕಿಕೊಂಡ ಮರಿ ಇವೂ ಇದೇ ಸಾಲಿನವು.

ಗಡಿಯಾರದ ನಿಯಮಗಳು ಆಸ್ಪತ್ರೆ ಹತ್ತಿರವಿರುವ ಊರುಗಳಲ್ಲಿ ಬರೆದವು ಎಂಬುದನ್ನು ನಾವು ಮರೆಯಬಾರದು. ಬೆಂಗಳೂರಿನಲ್ಲಿ ರಾತ್ರಿಯಿಡೀ ತೆರೆದಿರುವ ಖಾಸಗಿ ಆಸ್ಪತ್ರೆ ಸಿಗಬಹುದು. ತಾಲ್ಲೂಕು ಕೇಂದ್ರದಲ್ಲಿ ಪಶುಆಸ್ಪತ್ರೆ ಸಂಜೆಗೆ ಮುಚ್ಚುತ್ತದೆ, ಶಸ್ತ್ರಚಿಕಿತ್ಸೆ ಮಾಡಬಲ್ಲ ಜಾಗ 60 ಕಿಲೋಮೀಟರ್ ದೂರವಿರಬಹುದು. ಹಾಗಿದ್ದಲ್ಲಿ ಪ್ರಯಾಣದ ಸಮಯವನ್ನು ಮಿತಿಯಿಂದ ಕಳೆಯಬೇಕು. ಒಂದೂವರೆ ಗಂಟೆ ದಾರಿಯಿರುವವರಿಗೆ ಎರಡು ಗಂಟೆಯ ನಿಯಮವೆಂದರೆ ಅರ್ಧ ಗಂಟೆಯ ನಿಯಮ.

ಅಳೆಯುವವರ ವಾದ

ಮೂರನೆಯ ಗುಂಪಿನವರು ತಾಯಿಯನ್ನು ನೋಡುವುದನ್ನು ಬಿಟ್ಟು ಮರಿಯನ್ನು ನೋಡಲು ಶುರುಮಾಡಿದರು. ಅಲ್ಟ್ರಾಸೌಂಡ್ ಚಿಕ್ಕದಾಗಿ, ಅಗ್ಗವಾಗಿ ಕ್ಲಿನಿಕ್ಕುಗಳಿಗೆ ಬಂದ ಮೇಲೆ ಇದು ಸಾಧ್ಯವಾಯಿತು. ಹೊಟ್ಟೆಯೊಳಗಿನ ಮರಿಯ ಹೃದಯ ನಿಮಿಷಕ್ಕೆ 200ಕ್ಕೂ ಹೆಚ್ಚು ಸಲ ಬಡಿಯುತ್ತದೆ. ಆಮ್ಲಜನಕ ಕಡಿಮೆಯಾದರೆ, ದೊಡ್ಡವರಲ್ಲಿ ಆಗುವುದಕ್ಕೆ ವಿರುದ್ಧವಾಗಿ, ಮರಿಯ ಎದೆಬಡಿತ ನಿಧಾನವಾಗುತ್ತದೆ. ಒಂದು ಹಿಂಡಿಕೆಯ ಹೊತ್ತಿಗೆ ಇಳಿದು ಮತ್ತೆ ಏರಿದರೆ ಸಹಜ. 180ಕ್ಕಿಂತ ಕೆಳಗೇ ನಿಂತರೆ ಮರಿ ಸಂಕಟದಲ್ಲಿದೆ, 150ರ ಸುಮಾರಿಗೆ ಬಂದರೆ ತಡಮಾಡುವಂತಿಲ್ಲ. ಗಡಿಯಾರ ಏನೇ ಹೇಳಲಿ, ಎದೆಬಡಿತ 220 ಇದ್ದರೆ ಕಾಯಬಹುದು, 150 ಇದ್ದರೆ ಕಾಯಬಾರದು ಎಂಬುದು ಇವರ ನಿಲುವು.

ಇದೇ ಗುಂಪು ಇನ್ನೊಂದು ಸರಳ ಉಪಾಯಕ್ಕೂ ಒತ್ತು ಕೊಟ್ಟಿತು: ಗರ್ಭ 55 ದಿನ ದಾಟಿದ ಮೇಲೆ ಒಂದು ಎಕ್ಸ್‌ರೇ. ಆ ಹೊತ್ತಿಗೆ ಮರಿಗಳ ಎಲುಬು ಗಟ್ಟಿಯಾಗಿ, ತಲೆಬುರುಡೆಗಳನ್ನೂ ಬೆನ್ನುಮೂಳೆಗಳನ್ನೂ ಎಣಿಸಬಹುದು. ಅಲ್ಟ್ರಾಸೌಂಡಿನಲ್ಲಿ 25ನೇ ದಿನದಿಂದಲೇ ಗರ್ಭ ಗೊತ್ತಾಗುತ್ತದೆ, ಆದರೆ ಎಣಿಕೆ ತಪ್ಪುತ್ತದೆ. ಎಷ್ಟು ಮರಿ ಎಂದು ಗೊತ್ತಿಲ್ಲದ ಮನೆಯಲ್ಲಿ ‘ಮುಗಿಯಿತು’ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಒಂದೇ ಮರಿ ಕಂಡರೆ ಅದು ಬೇರೆ ರೀತಿಯ ಎಚ್ಚರಿಕೆ. ಒಂಟಿ ಮರಿ ದೊಡ್ಡದಾಗಿ ಬೆಳೆಯುತ್ತದೆ, ಹೆರಿಗೆ ಶುರುಮಾಡಲು ಬೇಕಾದ ಸೂಚನೆಯನ್ನು ಸಾಕಷ್ಟು ಕೊಡಲಾರದು. ಅಂಥ ನಾಯಿಗೆ ನೋವೇ ಬರದೆ ದಿನ ಮೀರಿ ಮರಿ ಸಾಯಬಹುದು. ನನ್ನ ಮಟ್ಟಿಗೆ, ಕೈಯಲ್ಲಿ ಒಂದೇ ಪರೀಕ್ಷೆಗೆ ದುಡ್ಡಿದ್ದರೆ ಈ ಎಕ್ಸ್‌ರೇಗೆ ಹಾಕುವುದೇ ಸರಿ.

ಒಂದು ಹೆರಿಗೆಯ ಲೆಕ್ಕ

ಈ ಮೂರೂ ವಾದಗಳು ಒಂದೇ ಹೆರಿಗೆಯಲ್ಲಿ ಹೇಗೆ ಕೆಲಸ ಮಾಡುತ್ತವೆ ಎಂದು ನೋಡಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಧಾರವಾಡದ ಒಂದು ಮನೆ, ಮೂರು ವರ್ಷದ ಲ್ಯಾಬ್ರಡಾರ್, ಹೆಸರು ರಾಣಿ, ಚೊಚ್ಚಲು. ಮಾರ್ಚ್ 10 ಮತ್ತು 13ರಂದು ಗಂಡಿನೊಂದಿಗೆ ಕೂಡಿಸಿದ್ದಾರೆ. ಮೊದಲ ಕ್ರಾಸಿಂಗಿನಿಂದ ಎಣಿಸಿದರೆ ಹೆರಿಗೆ ಮೇ 6ರಿಂದ 21ರವರೆಗೆ ಯಾವಾಗಲಾದರೂ ಆಗಬಹುದು. ಹದಿನೈದು ರಾತ್ರಿ ಕಾವಲು ಕಾಯಲು ಯಾರಿಂದಲೂ ಆಗದು. ಆದರೆ ರಕ್ತ ಪರೀಕ್ಷೆಯಿಂದ ಅಂಡ ಬಿಡುಗಡೆ ಮಾರ್ಚ್ 12 ಎಂದು ಗೊತ್ತಾಗಿತ್ತು. 63 ದಿನ ಕೂಡಿಸಿದರೆ ಮೇ 14.

ಮೇ 8ರಂದು ಎಕ್ಸ್‌ರೇ, ಏಳು ತಲೆಬುರುಡೆ. ಅಂದಿನಿಂದ ದಿನಕ್ಕೆ ಮೂರು ಸಲ ಥರ್ಮಾಮೀಟರ್. 38.1, 37.9, 38 ಹೀಗೆ ಆಡುತ್ತಿದ್ದದ್ದು 13ರ ಮಧ್ಯಾಹ್ನ 37ಕ್ಕೆ ಇಳಿಯಿತು. ಸಂಜೆ ರಾಣಿ ಅನ್ನ ಮುಟ್ಟಲಿಲ್ಲ, ಮಂಚದಡಿ ಹಾಸಿದ ಹಳೆ ಸೀರೆಯನ್ನು ಕೆರೆಯುತ್ತ ಏದುಸಿರು ಬಿಡತೊಡಗಿದಳು. ಮನೆಯವರು ಆಗಲೇ ವೈದ್ಯರಿಗೆ ಫೋನ್ ಮಾಡಿ ‘ಇವತ್ತು ರಾತ್ರಿ ಇರಬಹುದು’ ಎಂದು ತಿಳಿಸಿದರು. ಅವರು ಬರಬೇಕಿಲ್ಲ, ಫೋನ್ ಎತ್ತಿದರೆ ಸಾಕು. ಇಲ್ಲಿವರೆಗೆ ಕಾಯುವವರ ಮಾತೇ ನಡೆಯಿತು: ದೀಪ ಮಂದ ಮಾಡಿ, ಮನೆಯ ಅಮ್ಮ ಒಬ್ಬರೇ ಪಕ್ಕದಲ್ಲಿ ಕೂತರು.

ಬೆಳಗಿನ 4 ಗಂಟೆಗೆ ಮುಕ್ಕುವುದು ಶುರು. ಅಮ್ಮ ಗೋಡೆಯ ಕ್ಯಾಲೆಂಡರಿನ ಮೇಲೆ ಸಮಯ ಬರೆದರು. 4.25ಕ್ಕೆ ಮೊದಲ ಮರಿ, ಹಿಂಗಾಲು ಮುಂದಾಗಿ. ರಾಣಿ ತಾನೇ ಚೀಲ ಹರಿದು, ಹೊಕ್ಕುಳಬಳ್ಳಿ ಕಚ್ಚಿ, ನೆಕ್ಕಿ ಮರಿಯನ್ನು ಕೂಗಿಸಿದಳು. 5, 5.50, 6.30ಕ್ಕೆ ಇನ್ನೂ ಮೂರು. ಪ್ರತಿ ಮರಿಯ ಹಿಂದೆ ಮಾಸು ಬಿತ್ತೇ ಎಂದು ಗುರುತು ಹಾಕಿದರು. ಆಮೇಲೆ ರಾಣಿ ಮಲಗಿ ಮೊಲೆ ಕುಡಿಸತೊಡಗಿದಳು, ಸುಸ್ತಾದರೂ ನೆಮ್ಮದಿಯಿಂದಿದ್ದಳು. ಕಾಯುವವರು ನೋಡಿದರೆ ಮುಗಿಯಿತು ಎನ್ನುತ್ತಿದ್ದರು. ಕ್ಯಾಲೆಂಡರಿನಲ್ಲಿ ಬರೆದದ್ದು ಏಳು, ಹುಟ್ಟಿದ್ದು ನಾಲ್ಕು.

8.30ಕ್ಕೆ ಎರಡು ಗಂಟೆ ತುಂಬಿತು. ಒಮ್ಮೊಮ್ಮೆ ಮೆಲ್ಲಗೆ ಮುಕ್ಕುವುದನ್ನು ಬಿಟ್ಟರೆ ಬೇರೇನೂ ಇಲ್ಲ. ವೈದ್ಯರು ಕರೆತರಲು ಹೇಳಿದರು. ಮರಿಗಳನ್ನು ಬಟ್ಟೆ ಸುತ್ತಿದ ಬೆಚ್ಚನೆ ನೀರಿನ ಬಾಟಲಿಯೊಂದಿಗೆ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಜೊತೆಗೇ ಒಯ್ದರು, ಏಕೆಂದರೆ ಹೊಸ ಮರಿಗಳಿಗೆ ಮೊದಲ ವಾರಗಳಲ್ಲಿ ಮೈಬಿಸಿ ತಾವೇ ಕಾಪಾಡಿಕೊಳ್ಳಲು ಬರುವುದಿಲ್ಲ. ಬೆರಳಿಟ್ಟು ನೋಡಿದಾಗ ದಾರಿಯಲ್ಲಿ ಅಡ್ಡವೇನೂ ಇರಲಿಲ್ಲ. ಅಲ್ಟ್ರಾಸೌಂಡಿನಲ್ಲಿ ಮೂರು ಹೃದಯ: 210, 200, 185. ನಾಲ್ಕು ಮರಿ ತಳ್ಳಿ ದಣಿದ ಗರ್ಭಕೋಶ ಇದು ಎಂದು ತೀರ್ಮಾನಿಸಿ ಕ್ಯಾಲ್ಸಿಯಂ, ಆಮೇಲೆ ಸಣ್ಣ ಪ್ರಮಾಣದ ಆಕ್ಸಿಟೋಸಿನ್ ಕೊಟ್ಟರು. 25 ನಿಮಿಷಕ್ಕೆ ಐದನೆಯದು ಹುಟ್ಟಿತು. ಮತ್ತೊಂದು ಡೋಸ್ ಕೊಟ್ಟು ಅರ್ಧ ಗಂಟೆ ಕಾದರೂ ಏನೂ ಇಲ್ಲ. ಮತ್ತೆ ನೋಡಿದರೆ ಉಳಿದ ಎರಡರ ಬಡಿತ 190 ಮತ್ತು 155. ಮೂರನೇ ಸೂಜಿಯ ಯೋಚನೆ ಬಿಟ್ಟು ಶಸ್ತ್ರಚಿಕಿತ್ಸೆಗೆ ಒಯ್ದರು. ಎರಡೂ ಮರಿ ಜೀವಂತ ಬಂದವು, ಬಡಿತ ಇಳಿದಿದ್ದ ಮರಿಯ ಮೂಗು ಬಾಯಿ ಒರೆಸಿ, ಟವೆಲಿನಿಂದ ಉಜ್ಜಿ ಉಜ್ಜಿ ಉಸಿರಾಡಿಸಬೇಕಾಯಿತು.

ಏಳು ಎಂಬ ಸಂಖ್ಯೆ ಗೊತ್ತಿರದಿದ್ದರೆ ಮೂರು ಮರಿಗಳು ಒಳಗೇ ಸತ್ತು, ಎರಡು ದಿನದ ನಂತರ ಜ್ವರ ಮತ್ತು ಕೊಳೆತ ಸ್ರಾವದೊಂದಿಗೆ ರಾಣಿ ಆಸ್ಪತ್ರೆಗೆ ಬರುತ್ತಿದ್ದಳು.

ಸೂಜಿಯ ಮೇಲಿನ ಜಗಳ

ಆಕ್ಸಿಟೋಸಿನ್ ಹೆಸರು ನಮ್ಮಲ್ಲಿ ಹೈನುಗಾರರಿಗೂ ಗೊತ್ತು, ಹಾಲು ಇಳಿಸಲು ಅದರ ದುರ್ಬಳಕೆಯ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ನಾಯಿಯಲ್ಲಿ ಹಿಂದೆ 5ರಿಂದ 20 ಯೂನಿಟ್‌ವರೆಗೆ ಕೊಡುವ ರೂಢಿಯಿತ್ತು. ಈಗ ಬಹುತೇಕ ಪ್ರಸೂತಿ ತಜ್ಞರು ಅರ್ಧ ಯೂನಿಟ್‌ನಿಂದ ಎರಡು ಯೂನಿಟ್, ಹೆಚ್ಚೆಂದರೆ ನಾಲ್ಕರ ಒಳಗೆ ನಿಲ್ಲುತ್ತಾರೆ. ಹೆಚ್ಚು ಕೊಟ್ಟರೆ ಗರ್ಭಕೋಶ ಹಿಂಡಿ ಬಿಡುವ ಬದಲು ಬಿಗಿಹಿಡಿದೇ ನಿಲ್ಲುತ್ತದೆ. ಮರಿ ಮುಂದೆ ಸರಿಯುವುದಿಲ್ಲ, ಮಾಸಿಗೆ ರಕ್ತ ಹರಿಯುವುದು ನಿಲ್ಲುತ್ತದೆ. ದಾರಿಯಲ್ಲಿ ಮರಿ ಅಡ್ಡಸಿಕ್ಕಿರುವಾಗ ಕೊಟ್ಟರೆ ಗರ್ಭಕೋಶವೇ ಹರಿಯಬಹುದು. ಆದ್ದರಿಂದ ಒಳಗೆ ಪರೀಕ್ಷಿಸದೆ ಮನೆಯಲ್ಲೇ ಸೂಜಿ ಚುಚ್ಚುವುದನ್ನು ನಾನು ಯಾವ ಪರಿಸ್ಥಿತಿಯಲ್ಲೂ ಒಪ್ಪಲಾರೆ.

ಮೇಲೆ ಹೇಳಿದ ಸ್ವೀಡಿಷ್ ವರದಿಯಲ್ಲಿ ಔಷಧದಿಂದಷ್ಟೇ ಹೆರಿಗೆ ಮುಗಿದದ್ದು ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು. ಹಾಗಾದರೆ ಔಷಧದಲ್ಲಿ ಹೊತ್ತು ಕಳೆಯುವುದೇಕೆ ಎಂದು ಶಸ್ತ್ರಚಿಕಿತ್ಸೆಯ ಪರ ಇರುವವರು ಕೇಳುತ್ತಾರೆ. ಅವು ಹಳೆಯ ಡೋಸುಗಳ ಕಾಲದ ಅಂಕಿಗಳು, ಆಯ್ಕೆ ಮಾಡಿ ಕೊಟ್ಟರೆ ಫಲ ಉತ್ತಮ ಎಂದು ಔಷಧದ ಪರ ಇರುವವರು ಉತ್ತರಿಸುತ್ತಾರೆ.

ಕ್ಯಾಲ್ಸಿಯಂ ವಿಷಯದಲ್ಲಿ ಗೊಂದಲ ಬೇರೆ ಥರದ್ದು. ಹೆರಿಗೆಯ ಹೊತ್ತಿನಲ್ಲಿ ಅದು ಹಿಂಡಿಕೆಗೆ ಬಲ ಕೊಡುತ್ತದೆ. ಆದರೆ ನಮ್ಮ ಮನೆಗಳಲ್ಲಿ ‘ಬಸುರಿ’ ಎಂದು ಗೊತ್ತಾದ ದಿನದಿಂದ ಕ್ಯಾಲ್ಸಿಯಂ ಸಿರಪ್ ಕುಡಿಸುವ ಅಭ್ಯಾಸವಿದೆ. ಹೊರಗಿನಿಂದ ಧಾರಾಳ ಬರುತ್ತಿದ್ದರೆ ಎಲುಬಿನಿಂದ ಕ್ಯಾಲ್ಸಿಯಂ ಬಿಡಿಸಿಕೊಳ್ಳುವ ದೇಹದ ವ್ಯವಸ್ಥೆ ಜಡವಾಗುತ್ತದೆ. ಮರಿಗಳು ಜೋರಾಗಿ ಹಾಲು ಕುಡಿಯುವ ಎರಡರಿಂದ ನಾಲ್ಕನೇ ವಾರದಲ್ಲಿ ರಕ್ತದ ಕ್ಯಾಲ್ಸಿಯಂ ಕುಸಿದು ಬಾಣಂತಿ ನಾಯಿ ಏದುಸಿರು ಬಿಡುತ್ತ, ಕಾಲು ಸೆಟೆದು, ನಡುಗಿ, ಫಿಟ್ಸ್ ಬಂದು ಬೀಳಬಹುದು. ಪೊಮೆರೇನಿಯನ್‌ನಂಥ ಸಣ್ಣ ತಳಿಯಲ್ಲಿ, ಮರಿ ಜಾಸ್ತಿ ಇದ್ದಾಗ ಈ ಅಪಾಯ ಹೆಚ್ಚು. ಮರಿಗಳನ್ನು ಮೊಲೆಯಿಂದ ಬಿಡಿಸಿ ತಕ್ಷಣ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ ಇದು. ಗರ್ಭಿಣಿಗೆ ಬೇಕಾದದ್ದು ಒಳ್ಳೆಯ ಆಹಾರ, ಕೊನೆಯ ಮೂರು ವಾರ ಸ್ವಲ್ಪ ಹೆಚ್ಚಾಗಿ, ಸಣ್ಣ ಸಣ್ಣ ತುತ್ತುಗಳಲ್ಲಿ. ಸಿರಪ್ ಅಲ್ಲ.

ಕಾಯುವ ಪ್ರಶ್ನೆಯೇ ಇಲ್ಲದ ತಳಿಗಳು

ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಬೋಸ್ಟನ್ ಟೆರಿಯರ್‌ಗಳ ವಿಷಯದಲ್ಲಿ ಇಡೀ ಚರ್ಚೆ ಬೇರೆ ದಿಕ್ಕು ಹಿಡಿಯುತ್ತದೆ. 2010ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಈ ಮೂರೂ ತಳಿಗಳಲ್ಲಿ ಶೇಕಡ 80ಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್ ಆಗಿದ್ದವು. ಅಗಲವಾದ ತಲೆ ಮತ್ತು ಭುಜ, ಕಿರಿದಾದ ಸೊಂಟ, ಜೊತೆಗೆ ಉಸಿರಾಡಲೇ ಕಷ್ಟಪಡುವ ಗಂಟಲು. ಇಂಥ ನಾಯಿಗೆ ನೋವು ಬರುವವರೆಗೆ ಕಾಯದೆ, ದಿನ ಲೆಕ್ಕ ಹಾಕಿ ಮೊದಲೇ ಶಸ್ತ್ರಚಿಕಿತ್ಸೆ ಮಾಡಬೇಕೆಂದು ಹಲವು ವೈದ್ಯರು ಹೇಳುತ್ತಾರೆ. ಆದರೆ ಮರಿಯ ಶ್ವಾಸಕೋಶ ಬಲಿಯುವುದು ಕೊನೆಯ ದಿನಗಳಲ್ಲೇ. ಕ್ರಾಸಿಂಗ್ ದಿನದ ಲೆಕ್ಕ ನಂಬಿ ಮೂರು ದಿನ ಮೊದಲೇ ಕೊಯ್ದರೆ ಮರಿಗಳು ಉಸಿರಾಡಲಾರದೆ ಸಾಯುತ್ತವೆ. ಪ್ರೊಜೆಸ್ಟರೋನ್ 2ಕ್ಕಿಂತ ಕೆಳಗಿಳಿದದ್ದನ್ನು ನೋಡಿಯೇ ಚಾಕು ಹಿಡಿಯಬೇಕೆಂಬುದು ಇವರಲ್ಲಿ ಎಚ್ಚರಿಕೆಯವರ ನಿಲುವು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇಂಥ ತಳಿಗಳನ್ನು ಸಾಕುವವರು ಇದ್ದಾರೆ. ಮರಿ ಮಾಡಿಸುವ ಮೊದಲು ಅವರು ಕೇಳಬೇಕಾದದ್ದು ಸಿಸೇರಿಯನ್ನಿಗೆ ತಯಾರಿದ್ದೇವೆಯೇ ಎಂದು. ತಾನಾಗಿ ಹೆರಲಾರದ ಪ್ರಾಣಿಯನ್ನು ಹುಟ್ಟಿಸುತ್ತಲೇ ಹೋಗಬೇಕೆ ಎಂಬುದು ಅದಕ್ಕೂ ಹಿಂದಿನ ಪ್ರಶ್ನೆ, ಬೇಡವೆಂಬುದೇ ನನ್ನ ಉತ್ತರ.

ಇತ್ಯರ್ಥವಾಗದೆ ಉಳಿದವು

ದಿನದ ಲೆಕ್ಕ, ಹಸಿರು ಸ್ರಾವ, ಅರ್ಧ ಗಂಟೆಯ ಜೋರು ಮುಕ್ಕುವಿಕೆ ಇವುಗಳ ಬಗ್ಗೆ ಈಗ ಹೆಚ್ಚು ವಿವಾದವಿಲ್ಲ. ತಾಪಮಾನದ ಬಗ್ಗೆ ಇದೆ. ಕುಸಿತ ಕೆಲವೇ ಗಂಟೆ ಇರುತ್ತದೆ, ದಿನಕ್ಕೆ ಮೂರು ಸಲ ಅಳೆದರೂ ತಪ್ಪಿಹೋಗಬಹುದು, ಕೆಲವು ನಾಯಿಗಳಲ್ಲಿ ಇಳಿದು ಏರಿ ಮತ್ತೆ ಇಳಿಯುತ್ತದೆ. ಇಳಿದದ್ದು ಕಂಡರೆ ಅದಕ್ಕೆ ಅರ್ಥವಿದೆ, ಕಾಣದಿದ್ದರೆ ಅರ್ಥವಿಲ್ಲ ಎಂದು ಬಳಸುವವರಿದ್ದಾರೆ. ಅಳೆಯಲು ಹೋಗಿ ಮನೆಯವರ ಗಾಬರಿ ಹೆಚ್ಚಿಸುವುದೇ ಆಗುತ್ತದೆ ಎಂದು ಕೈಬಿಟ್ಟವರೂ ಇದ್ದಾರೆ.

ಮೆಲ್ಲಗೆ ಮುಕ್ಕುವ ನಾಯಿಗೆ ಎರಡು ಗಂಟೆಯೋ ನಾಲ್ಕು ಗಂಟೆಯೋ ಎಂಬುದೂ ತೀರ್ಮಾನವಾಗಿಲ್ಲ. ಈ ಮಿತಿಗಳು ಬಂದದ್ದು ಆಸ್ಪತ್ರೆಗೆ ಬಂದ ನಾಯಿಗಳಿಂದ. ಮನೆಯಲ್ಲೇ ನಾಲ್ಕು ಗಂಟೆ ಬಿಡುವು ಕೊಟ್ಟು ಆರೋಗ್ಯವಾಗಿ ಹೆತ್ತ ನಾಯಿ ಅವುಗಳ ಲೆಕ್ಕಕ್ಕೆ ಬರುವುದಿಲ್ಲ. ಎದೆಬಡಿತದ ಗೆರೆ 180ರಲ್ಲಿ ಇರಬೇಕೋ 160ರಲ್ಲೋ, ಒಂದೇ ಸಲದ ಅಳತೆ ಸಾಕೋ, ಕೆಲವು ನಿಮಿಷ ನೋಡುತ್ತಲೇ ಇರಬೇಕೋ ಎಂಬುದರಲ್ಲೂ ಒಮ್ಮತ ಬಂದಿಲ್ಲ.

ಸಿಸೇರಿಯನ್ ಮಾಡುವಾಗಲೇ ಗರ್ಭಕೋಶ ತೆಗೆದುಬಿಡಬೇಕೆ ಎಂಬ ಪ್ರಶ್ನೆಗೂ ಎರಡು ಉತ್ತರಗಳಿವೆ. ಒಂದೇ ಅರಿವಳಿಕೆಯಲ್ಲಿ ಎರಡೂ ಮುಗಿದು ಮತ್ತೆ ಇಂಥ ರಾತ್ರಿ ಬರುವುದಿಲ್ಲ ಎಂದು ಒಂದು ಕಡೆ. ದಣಿದ ತಾಯಿಗೆ ಶಸ್ತ್ರಚಿಕಿತ್ಸೆ ಉದ್ದವಾಗುತ್ತದೆ, ರಕ್ತ ಹೆಚ್ಚು ಹೋಗುತ್ತದೆ ಎಂದು ಇನ್ನೊಂದು ಕಡೆ. ಹಾಲು ನಿಂತುಹೋಗುತ್ತದೆ ಎಂಬ ಹಳೆಯ ಭಯಕ್ಕೆ ಮಾತ್ರ ಆಧಾರ ಸಿಕ್ಕಿಲ್ಲ, ಗರ್ಭಕೋಶ ಅಂಡಾಶಯ ತೆಗೆದ ನಾಯಿಗಳೂ ಮರಿಗಳಿಗೆ ಹಾಲೂಡುತ್ತವೆ.

ಉಸಿರಾಡದ ಮರಿಯನ್ನು ಕೈಯಲ್ಲಿ ಹಿಡಿದು ತಲೆಕೆಳಗಾಗಿ ಬೀಸುವ ಹಳೆಯ ಪದ್ಧತಿಯನ್ನು ಈಗಿನ ಪಠ್ಯಗಳು ಬೇಡವೆನ್ನುತ್ತವೆ, ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ. ಬದಲಿಗೆ ಬಾಯಿ ಮೂಗಿನ ಲೋಳೆ ತೆಗೆದು, ಬೆಚ್ಚಗಿಟ್ಟು, ಬೆನ್ನು ಎದೆ ಉಜ್ಜುವುದು. ಆದರೂ ಅನುಭವಿಗಳಲ್ಲಿ ಅನೇಕರು ಇನ್ನೂ ಬೀಸುತ್ತಾರೆ, ಅದರಿಂದ ಬದುಕಿದ ಮರಿಗಳನ್ನು ತೋರಿಸುತ್ತಾರೆ. ಎಷ್ಟು ಹೊತ್ತು ಉಜ್ಜಿದ ಮೇಲೆ ಕೈಬಿಡಬೇಕು ಎಂಬುದಕ್ಕೂ ಎಲ್ಲರೂ ಒಪ್ಪುವ ಸಂಖ್ಯೆ ಇಲ್ಲ. ಹೃದಯ ಬಡಿಯುತ್ತಿರುವವರೆಗೆ ಬಿಡಬಾರದು ಎಂಬಲ್ಲಿಗೆ ಸದ್ಯದ ಒಪ್ಪಂದ ನಿಂತಿದೆ.